ಅಬ್ಬಿಮನೆ: ಒಂದು ತೋಟದ ಮನೆಗೆ ಹೆಸರಿಟ್ಟ ಪ್ರಕರಣ

ಸಾಗರ ತಾಲೂಕಿನ ಒಂದು ಅಡಿಕೆ ತೋಟದ ಮನೆ. ಹಳೆಯ ಹೆಂಚಿನ ಮನೆಯ ಪಕ್ಕದಲ್ಲೇ ಹೊಸದಾಗಿ ಕಟ್ಟಿದ್ದರು. ಗೃಹಪ್ರವೇಶದ ಹೊತ್ತಿಗೆ ಗೇಟಿಗೊಂದು ನಾಮಫಲಕ ಆಗಬೇಕೆಂದು ಮನೆಯ ಯಜಮಾನರು ನನ್ನನ್ನು ಕರೆಸಿದರು. ನಾನು ಬೋರ್ಡ್ ಬರೆಯುವ, ಕಲ್ಲಿನಲ್ಲಿ ಅಕ್ಷರ ಕೆತ್ತಿಸಿಕೊಡುವ ಕೆಲಸದವನು. ಹೆಸರು ತೀರ್ಮಾನವಾದ ಮೇಲೆ ಬರುವುದು ನನ್ನ ರೂಢಿ. ಇಲ್ಲಿ ಮಾತ್ರ ಹೆಸರೇ ಇತ್ಯರ್ಥವಾಗಿರಲಿಲ್ಲ. ಮನೆಯಲ್ಲಿ ನಾಲ್ಕು ಜನ, ನಾಲ್ಕು ಹೆಸರು. ಅದರ ಜೊತೆಗೆ ಯಾರೂ ಹೆಸರಿನ ವಿಷಯವೆಂದೇ ತಿಳಿಯದಿದ್ದ ಇನ್ನೊಂದು ತೊಂದರೆ: ಆ ಮನೆಗೆ ಬರಬೇಕಾದ ಪಾರ್ಸೆಲ್ಲುಗಳು ಸರಿಯಾಗಿ ಬರುತ್ತಿರಲಿಲ್ಲ.

ಆ ತೊಂದರೆಯಿಂದಲೇ ಶುರು ಮಾಡುತ್ತೇನೆ. ಊರಿನವರು ಈ ಮನೆಯನ್ನು ಕರೆಯುತ್ತಿದ್ದದ್ದು 'ಹೊಸಮನೆ' ಎಂದು. ಯಾವ ಕಾಲದಲ್ಲೋ ಅಣ್ಣತಮ್ಮಂದಿರು ಪಾಲಾದಾಗ ಕಟ್ಟಿಕೊಂಡದ್ದು ಆ ಹಳೆಯ ಹೆಂಚಿನ ಮನೆ, ಹೆಸರು ಆಗಿನಿಂದ ಹಾಗೇ ಉಳಿದಿತ್ತು. ಮಲೆನಾಡಿನಲ್ಲಿ ಇಂಥ ಹೆಸರಿಗೆ ಬರವಿಲ್ಲ: ಮೇಲಿನಮನೆ, ಕೆಳಗಿನಮನೆ, ನಡುಮನೆ, ಹಳೇಮನೆ. ಊರೊಳಗೆ ಇವು ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ, ಯಾಕೆಂದರೆ ಯಾವುದಕ್ಕೆ ಮೇಲೆ, ಯಾವುದಕ್ಕೆ ಕೆಳಗೆ ಎಂದು ಊರಿನವರಿಗೆ ಗೊತ್ತು. ಊರು ದಾಟಿದ ಮೇಲೆ ಅವಕ್ಕೆ ಬೆಲೆ ಇಲ್ಲ. ಒಂದೇ ಅಂಚೆ ಕಚೇರಿಯ ವ್ಯಾಪ್ತಿಯಲ್ಲಿ ಮೂರು ಹೊಸಮನೆ ಇದ್ದರೂ ಆಶ್ಚರ್ಯವಿಲ್ಲ, ಇಲ್ಲಿ ಹಾಗೇ ಇತ್ತು. ಪಿನ್ ಕೋಡ್ ಇದೆಯಲ್ಲ ಎಂದು ಮಗ ಕೇಳಿದ. 1972ರ ಆಗಸ್ಟ್ 15ರಂದು ಬಂದ ಆ ಆರು ಅಂಕಿಗಳು ಮನೆ ಹುಡುಕಲು ಬಂದವಲ್ಲ. ಕಾಗದವನ್ನು ಯಾವ ಅಂಚೆ ಕಚೇರಿಗೆ ಕಳಿಸಬೇಕು ಎಂದು ವಿಂಗಡಿಸುವವರಿಗಾಗಿ ಬಂದವು. ಹಳ್ಳಿ ಕಡೆ ಒಂದೇ ಪಿನ್ ಕೋಡಿನ ಕೆಳಗೆ ಹಲವು ಶಾಖಾ ಅಂಚೆ ಕಚೇರಿಗಳು, ಅವುಗಳ ಕೆಳಗೆ ಹತ್ತಾರು ಊರುಗಳು ಇರುತ್ತವೆ. ಅಂಚೆಯಣ್ಣ ಊರಿನವನೇ ಆದ್ದರಿಂದ ಯಜಮಾನರ ಹೆಸರು ನೋಡಿ ಸರಿಯಾದ ಬಾಗಿಲಿಗೆ ತಂದುಕೊಡುತ್ತಾನೆ. ಪೇಟೆಯಿಂದ ಬೈಕಿನಲ್ಲಿ ಬರುವ ಕೊರಿಯರ್ ಹುಡುಗ ಮೂರು ತಿಂಗಳಿಗೊಮ್ಮೆ ಬದಲಾಗುತ್ತಾನೆ, ಅವನಿಗೆ ಈ ತಿಳುವಳಿಕೆ ಇರುವುದಿಲ್ಲ.

ಈಗ ಹೆಸರುಗಳು. ಅಜ್ಜಿಗೆ 'ಶ್ರೀ ಗುರುಕೃಪಾ' ಬೇಕಿತ್ತು. ಸೊಸೆ, ಸಂಸ್ಕೃತ ಓದಿದವರು, 'ಋತಂಭರಾ' ಎಂದರು. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನಿಗೆ ಇಂಗ್ಲಿಷಿನ ಎರಡು ಪದ ಸೇರಿಸಿ ಫಾರ್ಮ್ ಎಂದು ಕೊನೆಯಾಗುವ ಹೆಸರು ಇಷ್ಟ. ಯಜಮಾನರು ತಮ್ಮ ತಂದೆಯ ಹೆಸರಿನ ಮುಂದೆ 'ನಿಲಯ' ಸೇರಿಸೋಣ ಎನ್ನುತ್ತಿದ್ದರು.

ಇಂಥ ಹೊತ್ತಿನಲ್ಲಿ ಯಾವ ಹೆಸರು ಚಂದ ಎಂದು ಚರ್ಚೆಗೆ ಕೂತರೆ ಮುಗಿಯುವುದಿಲ್ಲ. ಮೊದಲು ಹೆಸರು ಎಲ್ಲೆಲ್ಲಿ ಕೆಲಸ ಮಾಡಬೇಕು ಎಂದು ನೋಡಿಕೊಳ್ಳಬೇಕು. ತೋಟದ ಮನೆಯ ಹೆಸರು ಫೋನಿನಲ್ಲಿ ಕೇಳಿಸಬೇಕು, ಅದೂ ಒಂದೇ ಕಡ್ಡಿ ಸಿಗ್ನಲ್ಲಿನಲ್ಲಿ. ಆಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಆಗಬೇಕು. ಪಾರ್ಸೆಲ್ಲಿನ ಲೇಬಲ್ಲಿನಲ್ಲಿ ಹಾಗೇ ಅಚ್ಚಾಗಿ ಬರಬೇಕು. ಕೊನೆಗೆ ಗೇಟಿನ ಮೇಲೆ ಅದೇ ಅಕ್ಷರಗಳು ಕಾಣಬೇಕು. ಈ ನಾಲ್ಕು ಕಡೆಯೂ ಒಂದೇ ರೂಪ ಉಳಿಯುವ ಹೆಸರು ವಿಳಾಸವಾಗುತ್ತದೆ.

ಅದಕ್ಕೆ ಒಂದು ಸರಳ ಪರೀಕ್ಷೆ ಇದೆ, ಈ ಮನೆಯವರಿಂದಲೂ ಮಾಡಿಸಿದೆ. ವಿಷಯ ಗೊತ್ತಿಲ್ಲದ ಕೆಲವರಿಗೆ ಫೋನ್ ಮಾಡಿ, ಹೆಸರನ್ನು ಒಂದೇ ಸಲ ಹೇಳಿ, ಬಿಡಿಸಿ ಹೇಳದೆ, "ಕೇಳಿಸಿದ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ವಾಟ್ಸಾಪ್ ಮಾಡಿ" ಎಂದು ಕೇಳುವುದು. ಉತ್ತರಗಳನ್ನು ಒಂದರ ಕೆಳಗೊಂದು ಬರೆದುಕೊಂಡರೆ ಹೆಸರಿನ ಗುಣ ತಾನಾಗಿ ಕಾಣುತ್ತದೆ. 'ಋತಂಭರಾ'ಕ್ಕೆ ಬಂದದ್ದು Rutambara, Ritambhara, Rithambara, ಒಬ್ಬರದು Rathambara. ಋಕಾರವನ್ನು ಕೆಲವರು ರು ಎನ್ನುತ್ತಾರೆ, ಕೆಲವರು ರಿ. ಮಹಾಪ್ರಾಣ ಫೋನಿನಲ್ಲಿ ಅರ್ಧ ಕಳೆದೇ ಹೋಗುತ್ತದೆ. ತ ಬರೆಯಲು ನಮ್ಮಲ್ಲಿ th ಹಾಕುವವರೂ ಇದ್ದಾರೆ, ಬರಿ t ಹಾಕುವವರೂ ಇದ್ದಾರೆ. ತ-ಟ, ದ-ಡ, ಲ-ಳ, ಶ-ಷ-ಸ, ದೀರ್ಘ ಸ್ವರ, ಇವು ಬಂದ ಕಡೆಯೆಲ್ಲ ಕಾಗುಣಿತ ಒಡೆಯುತ್ತದೆ. ಬ, ಮ, ನ, ಕ, ಗ, ಪ, ರ ಇವು ಹ್ರಸ್ವ ಸ್ವರದ ಜೊತೆ ಬಂದರೆ ಸಾಮಾನ್ಯವಾಗಿ ಒಂದೇ ರೀತಿ ಬರುತ್ತವೆ. ಸೊಸೆಗೆ ಬೇಸರವಾಯಿತು. ಹೆಸರಿನ ಅರ್ಥದಲ್ಲಿ ಕೊರತೆ ಏನೂ ಇರಲಿಲ್ಲ, ಅದನ್ನು ನಾನೂ ಹೇಳಿದೆ. ಅಡ್ಡರಸ್ತೆ ಮತ್ತು ಮನೆ ಸಂಖ್ಯೆ ಇರುವ ಪೇಟೆಯ ಮನೆಗಾದರೆ ಅದನ್ನೇ ಇಡಬಹುದಿತ್ತು, ಅಲ್ಲಿ ಹೆಸರು ತಪ್ಪಿದರೂ ಸಂಖ್ಯೆ ದಾರಿ ತೋರಿಸುತ್ತದೆ.

'ಗುರುಕೃಪಾ' ಪರೀಕ್ಷೆಯಲ್ಲಿ ಹೆಚ್ಚು ಕಡಿಮೆ ಪಾಸಾಯಿತು, ಬೇರೆ ಕಡೆ ಬಿತ್ತು. ಶಾಖಾ ಅಂಚೆ ಕಚೇರಿಗೆ ಹೋಗಿ ಅಂಚೆಯಣ್ಣನನ್ನು ಕೇಳಿದೆವು. ಅವನ ದಿನದ ಸುತ್ತಿನಲ್ಲೇ ಗುರುಕೃಪಾ ಹೆಸರಿನ ಎರಡು ಮನೆ, ಒಂದು ಕಿರಾಣಿ ಅಂಗಡಿ, ಒಂದು ಆಮ್ನಿ ವ್ಯಾನ್! ಹೆಸರು ಇಡುವ ಮುಂಚೆ ಯಾರಾದರೂ ಒಬ್ಬರನ್ನು ಮಾತ್ರ ಕೇಳುವುದಾದರೆ ಅಂಚೆ ಹಂಚುವವರನ್ನು ಕೇಳಿ. ಆ ಪ್ರದೇಶದ ಮನೆ ಹೆಸರುಗಳ ಪಟ್ಟಿ ಯಾವ ಕಚೇರಿಯಲ್ಲೂ ಇರುವುದಿಲ್ಲ, ಅವರ ತಲೆಯಲ್ಲಿ ಇರುತ್ತದೆ. 'ನಿಲಯ'ದ ವಿಷಯವನ್ನು ಯಜಮಾನರೇ ಬಿಟ್ಟುಕೊಟ್ಟರು. ತಂದೆಯ ಹೆಸರು ಹಾಕಿದರೆ ತಮ್ಮನ ಮನೆಯವರೂ ಅದನ್ನೇ ಹಾಕಬಹುದಲ್ಲ, ಅವರಿಗೂ ಅಷ್ಟೇ ಹಕ್ಕಿದೆ ಎಂದರು. ಮಗನ ಇಂಗ್ಲಿಷ್ ಹೆಸರನ್ನು ಅಜ್ಜಿ ಹೇಳಲು ಪ್ರಯತ್ನಿಸಿ ಬಿಟ್ಟರು. ಹಗಲು ಹೊತ್ತು ಆ ಮನೆಯ ಫೋನ್ ಎತ್ತುವವರೇ ಅಜ್ಜಿ. ದಾರಿ ಹೇಳಬೇಕಾದವರ ನಾಲಿಗೆಯಲ್ಲಿ ನಿಲ್ಲದ ಹೆಸರು ಇಟ್ಟು ಪ್ರಯೋಜನವಿಲ್ಲ.

ಹೊಸ ಹೆಸರಿಗೆ ಎಲ್ಲಿ ಹುಡುಕುವುದು? ಮನೆತನದ ಮೌಲ್ಯ ಎಂದ ಕೂಡಲೇ ಜನ ಶಾಂತಿ, ಪ್ರೀತಿ, ಕೃಪೆ, ಆನಂದ ಎಂದು ಗುಣವಾಚಕಗಳ ಕಡೆ ಹೋಗುತ್ತಾರೆ. ಆ ಗುಣಗಳು ಎಲ್ಲರಿಗೂ ಬೇಕು, ಹಾಗಾಗಿ ಆ ಹೆಸರುಗಳು ಎಲ್ಲ ಬೀದಿಯಲ್ಲೂ ಇವೆ. ಈ ಮನೆಯವರನ್ನು ನಾನು ಕೇಳಿದ್ದು ಬೇರೆ ಪ್ರಶ್ನೆ: ನಿಮ್ಮ ಮನೆ ಮಾತ್ರ ಮಾಡುವ, ಊರಿನವರು ನಿಮ್ಮನ್ನು ನೆನೆಯುವ ಕೆಲಸ ಯಾವುದು?

ಉತ್ತರ ಅಜ್ಜಿಯಿಂದ ಬಂತು. "ಅಬ್ಬಿ ನೀರು ನಮ್ಮನೆ ಮೇಲಿಂದಲೇ ಅಲ್ವನೋ ಎಲ್ಲರಿಗೂ ಹೋಗೋದು" ಎಂದರು. ತೋಟದ ಮೇಲಿನ ಗುಡ್ಡದಲ್ಲಿ ಒಂದು ಒರತೆ ಇದೆ. ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ, ಈಗ ಪೈಪಿನಲ್ಲಿ ನೀರು ತಾನಾಗಿ ಇಳಿದು ಮನೆಗೆ ಬರುತ್ತದೆ, ಪಂಪು ಬೇಡ. ಇದಕ್ಕೇ ಇಲ್ಲಿ ಅಬ್ಬಿ ನೀರು ಎನ್ನುವುದು. ಆ ನೀರನ್ನು ಈ ಮನೆಯವರು ತಲೆಮಾರುಗಳಿಂದ ಕೆಳಗಿನ ಮನೆಗಳಿಗೂ ಬಿಟ್ಟಿದ್ದಾರೆ. ಬೇಸಿಗೆಯಲ್ಲಿ ಸರದಿ ಕಟ್ಟುತ್ತಾರೆ, ತಮ್ಮ ಸರದಿ ಕೊನೆಗೆ. ಪಾಲಾದಾಗಲೂ ನೀರಿನ ಮೇಲೆ ಜಗಳವಾಗಲಿಲ್ಲ ಎಂಬುದು ಈ ಮನೆಯ ದೊಡ್ಡ ಹೆಮ್ಮೆ. ಅಬ್ಬಿಮನೆ ಎಂದು ಸೊಸೆ ಜೋರಾಗಿ ಹೇಳಿ ನೋಡಿದರು. ಅಲ್ಲಿಗೆ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು. ಅರ್ಥ ವಿವರಿಸುವ ಅಗತ್ಯವೇ ಬೀಳಲಿಲ್ಲ.

ಹೀಗೆ ಜಾಗಕ್ಕೆ ಅಂಟಿಕೊಂಡ ಹೆಸರಿನ ಮೇಲೆ ನನಗೆ ಒಲವು ಹೆಚ್ಚು. ಕರಾವಳಿಯಲ್ಲಿ, ದಕ್ಷಿಣ ಕನ್ನಡದ ಕಡೆಯಲ್ಲಿ, ಮನೆಯ ಹೆಸರೇ ಮನುಷ್ಯನ ಹೆಸರಿನ ಜೊತೆ ಸೇರಿಕೊಂಡು ವಿಳಾಸದ ಮೊದಲ ಸಾಲಾಗುತ್ತದೆ. ಕೊಡಗಿನಲ್ಲಿ ಐನ್‌ಮನೆಗೆ, ಅಂದರೆ ಮನೆತನದ ಮೂಲಮನೆಗೆ, ಒಕ್ಕದ ಹೆಸರೇ ಗುರುತು, ಒಕ್ಕವೆಂದರೆ ಆ ಮನೆತನ. ಹಾಗೆಂದು ಅರ್ಥ ತುಂಬಿದ ಹೆಸರು ವಿಳಾಸವಾಗಲಾರದು ಎಂದೇನಲ್ಲ. ಮೈಸೂರಿನಲ್ಲಿ ಕುವೆಂಪು ಅವರ 'ಉದಯರವಿ', ಮೂಡಿಗೆರೆಯಲ್ಲಿ ತೇಜಸ್ವಿಯವರ 'ನಿರುತ್ತರ', ಧಾರವಾಡದ ಸಾಧನಕೇರಿಯಲ್ಲಿ ಬೇಂದ್ರೆಯವರ 'ಶ್ರೀಮಾತಾ', ಮೂರೂ ಬಾಯಲ್ಲಿ ಸಲೀಸಾಗಿ ಬರುವ, ಇದ್ದವರ ಮನಸ್ಸನ್ನು ಹೇಳುವ ಹೆಸರುಗಳು.

ಅಬ್ಬಿಮನೆಯನ್ನೂ ಪರೀಕ್ಷೆಗೆ ಹಾಕಿದೆವು. ಬಹುಪಾಲು ಉತ್ತರ Abbimane. ಒಬ್ಬಿಬ್ಬರು Abbi Mane ಎಂದು ಬಿಡಿಸಿದರು, ಒಬ್ಬರು ಮೊದಲಿಗೆ ಹಕಾರ ಸೇರಿಸಿ Habbimane ಎಂದರು. ಹಳೆ ಮೈಸೂರು ಕಡೆ ಅ-ಹ ಅದಲು ಬದಲಾಗುವುದು ಹೊಸದಲ್ಲ, ಆದರೂ ಹುಡುಕಿದರೆ ಸಿಗುವಷ್ಟು ಹತ್ತಿರದಲ್ಲಿದೆ. ಬಿಡಿಸಿ ಬರೆದರೆ ಇನ್ನೊಂದು ತೊಡಕು: ಕನ್ನಡ ಬಾರದವರು Mane ಎಂಬುದನ್ನು ಮಾನೆ ಎಂಬ ಮರಾಠಿ ಅಡ್ಡಹೆಸರೆಂದು ಓದಿ, ಅದು ಮನೆಯ ಹೆಸರಲ್ಲ, ಮನುಷ್ಯನ ಹೆಸರು ಎಂದುಕೊಳ್ಳುತ್ತಾರೆ. ಆದ್ದರಿಂದ ಎಲ್ಲ ಕಡೆಯೂ ಒಂದೇ ಪದವಾಗಿ Abbimane ಎಂದೇ ಬರೆಯುವುದು ಎಂದು ಮನೆಯವರೆಲ್ಲ ಒಪ್ಪಿಕೊಂಡರು. ಅಂಚೆಯಣ್ಣ ಮಾತ್ರ ಒಂದು ಎಚ್ಚರಿಕೆ ಕೊಟ್ಟ: ಪಕ್ಕದ ಊರಲ್ಲಿ ಅಬ್ಬಿಗದ್ದೆ ಎಂಬ ಜಾಗ ಇದೆ. ಹಾಗಾಗಿ ಊರಿನ ಹೆಸರನ್ನು ಮನೆಯ ಹೆಸರಿನ ಸಾಲಿನಲ್ಲೇ, ಅಲ್ಪವಿರಾಮ ಹಾಕಿ ಬರೆಯುವುದೆಂದಾಯಿತು. ಸಣ್ಣ ಲೇಬಲ್ಲಿನಲ್ಲಿ ಕೆಳಗಿನ ಸಾಲುಗಳು ತುಂಡಾಗುತ್ತವೆ, ಮೊದಲ ಸಾಲು ಉಳಿಯುತ್ತದೆ.

ಅಜ್ಜಿಯ 'ಶ್ರೀ ಗುರುಕೃಪಾ'ವನ್ನು ಕೈಬಿಡಲಿಲ್ಲ. ಬಾಗಿಲವಾಡದ ಮೇಲಿನ ಪಟ್ಟಿಯಲ್ಲಿ, ಮರದಲ್ಲಿ ಕೆತ್ತಿಸಿದೆವು. ಒಳಗೆ ಬರುವವರು ಕಾಣುವ ಜಾಗ ಅದು, ಮಳೆ ತಾಗುವುದಿಲ್ಲ. ಗೇಟು ದಾರಿಹೋಕರಿಗೆ, ಬಾಗಿಲು ಮನೆಯವರಿಗೆ ಎಂದು ಬೇರೆ ಮಾಡಿಕೊಂಡರೆ ಇಂಥ ಜಗಳ ಅರ್ಧ ಮುಗಿಯುತ್ತದೆ. ಗೇಟಿನ ಫಲಕದಲ್ಲಿ ಮನೆಯವರ ಹೆಸರು, ಪದವಿ, ಫೋನ್ ನಂಬರ್ ಯಾವುದೂ ಬೇಡ ಎಂದೆ. ತೋಟದ ಮನೆಯಲ್ಲಿ ಹಗಲು ವಯಸ್ಸಾದವರೊಬ್ಬರೇ ಇರುತ್ತಾರೆ. ಗುರುತಿಲ್ಲದವರ ಕೈಗೆ ಹೆಸರು ಹಿಡಿದು ಕರೆಯುವ ಸಲಿಗೆ ಕೊಡುವುದು ಒಳ್ಳೆಯದಲ್ಲ.

ಇನ್ನು ಫಲಕ. ಜನ ನನ್ನನ್ನು ಮೊದಲು ಕೇಳುವುದು ಯಾವ ಕಲ್ಲು ಎಂದು, ನಾನು ಮೊದಲು ಕೇಳುವುದು ಎಷ್ಟು ದೂರದಿಂದ ಓದಬೇಕು ಎಂದು. ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ, ಇದು ಬೋರ್ಡಿನವರ ಅಂದಾಜು ಲೆಕ್ಕ. ಕಷ್ಟಪಟ್ಟರೆ ಇನ್ನೂ ದೂರದಿಂದ ಓದಬಹುದು, ಬೈಕಿನ ಮೇಲಿರುವವನು ಕಷ್ಟಪಡುವುದಿಲ್ಲ. ಇಲ್ಲಿ ಮಣ್ಣುರಸ್ತೆಯ ತಿರುವಿನಿಂದ ಗೇಟಿಗೆ ನಲವತ್ತು ಅಡಿ, ಆದ್ದರಿಂದ ನಾಲ್ಕು ಅಂಗುಲದ ಅಕ್ಷರ. ಕನ್ನಡದಲ್ಲಿ ಇದನ್ನು ಅಳೆಯುವಾಗ ಒಂದು ಎಚ್ಚರ ಬೇಕು. 'ಬ್ಬಿ'ಯಲ್ಲಿ ಕೆಳಗೆ ಒತ್ತು ಇದೆ, ಮೇಲೆ ಗುಡಿಸು ಇದೆ. ಒಟ್ಟು ಎತ್ತರವನ್ನೇ ನಾಲ್ಕು ಅಂಗುಲಕ್ಕೆ ಕೂಡಿಸಿದರೆ ಮೂಲ ಅಕ್ಷರ ಎರಡೂವರೆಗೆ ಇಳಿಯುತ್ತದೆ, 'ಮ' 'ನೆ' ಕೂಡ ಅದರ ಜೊತೆ ಕುಗ್ಗುತ್ತವೆ. ಅಳತೆ ಮೂಲ ಅಕ್ಷರದ್ದು ಹಿಡಿಯಬೇಕು, ಒತ್ತಿಗೆ ಬೇರೆ ಜಾಗ ಬಿಡಬೇಕು. ಅದರ ಕೆಳಗೆ ಇಂಗ್ಲಿಷ್ ಅಕ್ಷರದ ಸಾಲು, ಎರಡೂವರೆ ಅಂಗುಲದ್ದು. ಲೇಬಲ್ಲಿನಲ್ಲಿ ಇರುವ ಅಕ್ಷರವೂ ಫಲಕದ ಅಕ್ಷರವೂ ಒಂದೇ ಎಂದು ಹುಡುಗನಿಗೆ ಕಣ್ಣಿಗೇ ಗೊತ್ತಾಗಬೇಕು. ಎಲ್ಲ ಸೇರಿ ಮೂವತ್ತು ಅಂಗುಲ ಉದ್ದ, ಹದಿನೈದು ಅಂಗುಲ ಎತ್ತರವಾಯಿತು. ಗೇಟಿನ ಕಂಬ ಅಷ್ಟು ಅಗಲವಿರಲಿಲ್ಲ, ಪಕ್ಕದ ಜಂಬಿಟ್ಟಿಗೆ ಗೋಡೆಯಲ್ಲಿ ಕೂರಿಸಿದೆವು.

ಕಲ್ಲು ಕಪ್ಪು ಗ್ರಾನೈಟ್, ಆದರೆ ಪಾಲಿಶ್ ಮಾಡದ್ದು. ಹೊಳೆಯುವ ಕಪ್ಪು ಕಲ್ಲಿನಲ್ಲಿ ಚಿನ್ನದ ಬಣ್ಣದ ಅಕ್ಷರ ಅಂಗಡಿಯಲ್ಲಿ ಬಹಳ ಚಂದ ಕಾಣುತ್ತದೆ. ಗೇಟಿಗೆ ಬಂದ ಮೇಲೆ ಅದರಲ್ಲಿ ಆಕಾಶ, ಮರ, ನೋಡುವವನ ಮುಖ ಎಲ್ಲ ಕಾಣುತ್ತದೆ, ಹೆಸರು ಬಿಟ್ಟು. ಒರಟು ಮೈಯ ಕಲ್ಲು, ಆಳವಾಗಿ ಕೆತ್ತಿದ ಅಕ್ಷರ, ಬಿಳಿ ಬಣ್ಣ. ಹದಿನೆಂಟು ಮಿಲಿಮೀಟರ್ ದಪ್ಪದ ಆ ಕಲ್ಲು ಸುಮಾರು ಹದಿನೈದು ಕಿಲೋ ತೂಗುತ್ತದೆ, ಬರಿ ಅಂಟಿನಲ್ಲಿ ನಿಲ್ಲಿಸಬಾರದು, ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಬೇಕು. ಮಲೆನಾಡಿನ ಮಳೆಗೆ ಮರ ಉಬ್ಬಿ ಸೀಳುತ್ತದೆ, ಸ್ಟಿಕ್ಕರ್ ಅಂಚಿನಿಂದ ಏಳುತ್ತದೆ. ಸ್ಟೀಲ್ ಅಕ್ಷರವೇ ಬೇಕೆಂದರೆ 304 ದರ್ಜೆಯದು ಕೇಳಿ ತರಬೇಕು, ಅಗ್ಗದ 202 ಇಲ್ಲಿ ತುಕ್ಕಿನ ಗೆರೆ ಇಳಿಸುತ್ತದೆ.

ಕೆತ್ತುವ ಮುಂಚೆ ಅಕ್ಷರವನ್ನು ಕಾಗದದಲ್ಲಿ ನಿಜ ಅಳತೆಗೆ ಮುದ್ರಿಸಿ ಗೋಡೆಗೆ ಅಂಟಿಸಿ ತಿರುವಿನಿಂದ ನೋಡಿಸಿದೆ. ಇದಕ್ಕೆ ಎರಡು ಕಾರಣ. ಒಂದು ಅಳತೆ. ಇನ್ನೊಂದು ಕಾಗುಣಿತ: ಹಳೆಯ ಡಿಸೈನ್ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಒಡೆದು 'ಬ್' ಮತ್ತು 'ಬಿ' ಅಕ್ಕಪಕ್ಕ ನಿಲ್ಲುತ್ತವೆ. ಕಂಪ್ಯೂಟರಿನ ಮುಂದೆ ಕೂತವರಿಗೆ ಕನ್ನಡ ಓದಲು ಬಾರದಿದ್ದರೆ ಅದು ಹಾಗೇ ಕಲ್ಲಿಗೆ ಇಳಿಯುತ್ತದೆ. ಕಲ್ಲಿಗೆ ಇಳಿದ ಮೇಲೆ ತಿದ್ದಲು ಬರುವುದಿಲ್ಲ, ಕಲ್ಲನ್ನೇ ಬದಲಿಸಬೇಕು. ಮನೆಯ ಹಿರಿಯರೊಬ್ಬರು ಆ ಕಾಗದ ಓದಿ ಸಹಿ ಹಾಕಿದ ಮೇಲೆಯೇ ನಾನು ಕೆಲಸಕ್ಕೆ ಕೊಡುತ್ತೇನೆ.

ಗೇಟಿಗಿಂತ ಮುಖ್ಯವಾದ ಫಲಕ ಡಾಂಬರು ರಸ್ತೆಯ ಕವಲಿನದು. ಅಲ್ಲಿಂದ ಮನೆಗೆ ಅರ್ಧ ಕಿಲೋಮೀಟರ್ ಮಣ್ಣುರಸ್ತೆ. ನಲವತ್ತು ಕಿ.ಮೀ. ವೇಗದ ಬೈಕು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ, ಓದಿ ಬ್ರೇಕ್ ಹಿಡಿಯಲು ಎರಡು ಸೆಕೆಂಡಾದರೂ ಸಿಗಬೇಕು. ಹಾಗಾಗಿ ಅಕ್ಷರ ಏಳೂವರೆ ಅಂಗುಲ, ಹೆಸರೊಂದು, ಬಾಣವೊಂದು, ಬೇರೇನೂ ಇಲ್ಲ. ತಗಡಿನ ಹಲಗೆ, ರಾತ್ರಿ ಬೆಳಕಿಗೆ ಹೊಳೆಯುವ ಹಾಳೆ. ರಸ್ತೆಯ ಅಂಚು ಸರ್ಕಾರದ ಜಾಗ, ಅಲ್ಲಿ ಕಂಬ ನೆಡುವಂತಿಲ್ಲ. ಪಕ್ಕದ ಜಮೀನಿನವರನ್ನು ಕೇಳಿ ಅವರ ಬೇಲಿಯ ಒಳಗೆ ನೆಟ್ಟೆವು. ಅಬ್ಬಿ ನೀರು ಕುಡಿಯುವ ಮನೆಯವರೇ ಅವರು, ತಕ್ಷಣ ಒಪ್ಪಿದರು. ಮೇ ತಿಂಗಳಲ್ಲಿ ಎಲ್ಲರಿಗೂ ಕಾಣುತ್ತಿದ್ದ ಆ ಹಲಗೆ ಆಗಸ್ಟಿನಲ್ಲಿ ಕಮ್ಯುನಿಸ್ಟ್ ಗಿಡ ಎಂಬ ಕಳೆಯ ಹಿಂದೆ ಮುಚ್ಚಿಹೋಯಿತು. ಕಂಬವನ್ನು ಏಳು ಅಡಿಗೆ ಏರಿಸಿದೆವು. ಮಳೆಗಾಲದಲ್ಲಿ ಎರಡು ಸಲ ಗಿಡ ಸವರುವುದು ಈಗ ತೋಟದ ಕೆಲಸದಲ್ಲೇ ಸೇರಿದೆ.

ಮ್ಯಾಪಿನಲ್ಲಿ ಇನ್ನೊಂದು ತೊಡಕು ಗೊತ್ತಾಯಿತು. ಮಗ ಪಿನ್ನನ್ನು ಮನೆಯ ಚಾವಣಿಯ ಮೇಲೆ ಇಟ್ಟಿದ್ದ. ಮ್ಯಾಪು ದಾರಿ ತೋರಿಸುವಾಗ ಆ ಬಿಂದುವಿಗೆ ಹತ್ತಿರದ ರಸ್ತೆ ಹುಡುಕುತ್ತದೆ, ಮನೆಗೆ ಹತ್ತಿರದ ರಸ್ತೆ ಇದ್ದದ್ದು ಹಿಂಬದಿಯಲ್ಲಿ, ಹಳ್ಳದ ಆಚೆ. ಕೊರಿಯರ್ ಹುಡುಗರು ಹಳ್ಳದ ಆ ದಡದಲ್ಲಿ ನಿಂತು ಫೋನ್ ಮಾಡುತ್ತಿದ್ದದ್ದಕ್ಕೆ ಇದೇ ಕಾರಣ. ಪಿನ್ನನ್ನು ಗೇಟಿಗೆ ಸರಿಸಿದ ಮೇಲೆ ಆ ಕರೆಗಳು ನಿಂತವು. ಗೇಟಿನ ಬಿಂದುವನ್ನು ಒತ್ತಿ ಹಿಡಿದರೆ ನಡುವೆ ಕೂಡಿಸುವ ಚಿಹ್ನೆ ಇರುವ ಪ್ಲಸ್ ಕೋಡ್ ಸಿಗುತ್ತದೆ, ಅದನ್ನು ಬರೆದಿಟ್ಟುಕೊಂಡರು. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಕೂಡ ಇದೆ, ಹತ್ತು ಅಕ್ಷರಗಳಲ್ಲಿ ಸುಮಾರು ನಾಲ್ಕು ಮೀಟರ್ ಚೌಕದವರೆಗೆ ಜಾಗ ಗುರುತಿಸುತ್ತದೆ. ಆದರೆ ಇಂಥ ಕೋಡನ್ನು ಅಜ್ಜಿ ಫೋನಿನಲ್ಲಿ ಹೇಳಲಾರರು, ಹುಡುಗ ಬೈಕಿನ ಮೇಲೆ ಬರೆದುಕೊಳ್ಳಲಾರ. ಅವು ಮೆಸೇಜಿನಲ್ಲಿ ಕಳಿಸಲು ಇರುವಂಥವು, ಬಾಯಿಗೆ ಹೆಸರೇ ಬೇಕು.

ಹೆಸರು ಬಂತೆಂದು ದಾಖಲೆಗಳನ್ನು ಮುಟ್ಟಲಿಲ್ಲ. ಪಂಚಾಯಿತಿಯ ಖಾತೆ, ಆಧಾರ್, ಬ್ಯಾಂಕು, ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್, ಎಲ್ಲ ಹಿಂದಿನಂತೆಯೇ ಇವೆ. ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಬಿಟ್ಟರೆ ವಿಳಾಸ ತಾಳೆಯಾಗದೆ ಅಲೆಯಬೇಕಾಗುತ್ತದೆ. ಪಾಸ್‌ಪೋರ್ಟ್, ಸಾಲ, ವಿಮೆ ಇಂಥ ಕಡೆ ಹಳೆಯ ವಿಳಾಸ. ತರಿಸಿಕೊಳ್ಳುವ ಸಾಮಾನಿಗೆ, ಮದುವೆ ಕಾಗದಕ್ಕೆ, ಗ್ಯಾಸಿನವನಿಗೆ, ದಾರಿ ಕೇಳುವವರಿಗೆ ಹೊಸ ಹೆಸರು. ಶಾಪಿಂಗ್ ಆಪುಗಳಲ್ಲಿ ಮನೆ ಸಂಖ್ಯೆ ಕಡ್ಡಾಯ ಎಂಬ ಖಾನೆಯಲ್ಲಿ ಸೊನ್ನೆ ಹಾಕುತ್ತಿದ್ದರು, ಈಗ ಹೆಸರನ್ನೇ ಹಾಕುತ್ತಾರೆ. ಅವರು ಉಳಿಸಿಕೊಂಡ ವಿಳಾಸದ ರೂಪ ಹೀಗಿದೆ: ಮೊದಲ ಸಾಲು Abbimane ಮತ್ತು ಊರು, ಎರಡನೆಯದು 'ಹಾಲಿನ ಸೊಸೈಟಿ ದಾಟಿ ಎಡಗಡೆ ಮಣ್ಣುರಸ್ತೆ', ಆಮೇಲೆ ಅಂಚೆ, ತಾಲೂಕು, ಪಿನ್ ಕೋಡ್, ಗುರುತಿನ ಖಾನೆಯಲ್ಲಿ ಪ್ಲಸ್ ಕೋಡ್.

ಇದರಿಂದ ಎಲ್ಲವೂ ಸರಿಹೋಗಲಿಲ್ಲ. ಜೋರು ಮಳೆಯ ವಾರಗಳಲ್ಲಿ ಮಣ್ಣುರಸ್ತೆ ಬೈಕಿಗೆ ಆಗುವುದಿಲ್ಲ. ಆಗ ಪಾರ್ಸೆಲ್ ಹಾಲಿನ ಸೊಸೈಟಿಯಲ್ಲಿ ಇಳಿಯುತ್ತದೆ. ಅದಕ್ಕೆ ಸೊಸೈಟಿಯವರ ಒಪ್ಪಿಗೆ ಮೊದಲೇ ಪಡೆದಿದ್ದಾರೆ, ಅಲ್ಲಿನ ಗೋಡೆಯ ಕಪಾಟಿನ ಒಂದು ಅಂಕಣಕ್ಕೆ ಅಬ್ಬಿಮನೆ ಎಂದು ಚೀಟಿ ಅಂಟಿಸಿದ್ದಾರೆ. ಕೆಳಗಿನ ಮನೆಗಳವರೂ ತಮ್ಮ ಪಾರ್ಸೆಲ್ಲಿಗೆ 'ಅಬ್ಬಿಮನೆ ಹತ್ತಿರ' ಎಂದು ಬರೆಸತೊಡಗಿದ್ದಾರೆ. ಇದರಿಂದ ಗೊಂದಲವಾಗಬಾರದೆಂದು ಅವರಿಗೂ ಬೇರೆ ಬೇರೆ ಹೆಸರು ಹುಡುಕುವ ಕೆಲಸ ಈಗ ನನ್ನ ಬಳಿ ಬಂದಿದೆ.